ಸ್ಟಾಂಪ್ ಮೇಲಿದ್ದ ಲಿಬರ್ಟಿ ಯಾವುದು?

2010ರ ಡಿಸೆಂಬರ್‌ನಲ್ಲಿ ಅಮೆರಿಕದ ಅಂಚೆ ಇಲಾಖೆ ಸ್ಟ್ಯಾಚ್ಯೂ ಆಫ್ ಲಿಬರ್ಟಿಯ ಮುಖ ಇರೋ ಒಂದು ಸ್ಟಾಂಪ್ ಬಿಡ್ತು. ಕೋಟಿಗಟ್ಟಲೆ ಪ್ರಿಂಟ್ ಆಯ್ತು. ಮೂರ್ನಾಲ್ಕು ತಿಂಗಳಾದ ಮೇಲೆ ಗೊತ್ತಾಗಿದ್ದು, ಫೋಟೋದಲ್ಲಿರೋದು ನ್ಯೂಯಾರ್ಕಿನ ಪ್ರತಿಮೆಯೇ ಅಲ್ಲ, ಲಾಸ್ ವೇಗಸ್‌ನ 'ನ್ಯೂಯಾರ್ಕ್-ನ್ಯೂಯಾರ್ಕ್' ಅನ್ನೋ ಕ್ಯಾಸಿನೋ ಹೋಟೆಲ್ ಮುಂದೆ ನಿಂತಿರೋ ನಕಲು ಅಂತ!

ಇದನ್ನ ಹಿಡಿದಿದ್ದು ಸ್ಟಾಂಪ್ ಸಂಗ್ರಹಿಸುವ ಒಬ್ಬರು. ಮುಖವನ್ನ ಹತ್ತಿರದಿಂದ ನೋಡಿದರೆ ಕಣ್ಣು, ಕೂದಲು ಮೂಲದ್ದಕ್ಕಿಂತ ಸ್ಫುಟವಾಗಿದ್ದವು. ಜೊತೆಗೆ ಕಿರೀಟದ ಮೇಲೆ ಆಯತಾಕಾರದ ಒಂದು ಸಣ್ಣ ತುಂಡು ಕಾಣ್ತಿತ್ತು. ಮೂಲದಲ್ಲಿ ಅದು ಇಲ್ಲ.

ನಾವಾದರೆ ಮೊದಲು ನೋಡಬೇಕಾದ್ದು ಮೆಟೀರಿಯಲ್ ಅನ್ಸುತ್ತೆ. 1886ರ ಮೂಲ ಪ್ರತಿಮೆ ಗಟ್ಟಿ ಲೋಹದ್ದಲ್ಲ. ಸುಮಾರು 2.4 ಮಿಲಿಮೀಟರ್ ದಪ್ಪದ ತಾಮ್ರದ ಹಾಳೆಗಳನ್ನ ಬಡಿದು ಆಕಾರ ಕೊಟ್ಟು, ರಿವೆಟ್ ಹೊಡೆದು ಸೇರಿಸಿದ್ದಾರೆ. ಒಳಗೆ ಐಫೆಲ್ ಡಿಸೈನ್ ಮಾಡಿದ ಕಬ್ಬಿಣದ ಅಸ್ಥಿಪಂಜರ ಇದೆ. ಹಾಗಾಗಿ ಕ್ಲೋಸ್-ಅಪ್ ಫೋಟೋದಲ್ಲಿ ಹಾಳೆಗಳ ಜಾಯಿಂಟ್ ಗೆರೆಗಳು ಕಾಣಬೇಕು. ಹಸಿರು ಬಣ್ಣ ತಾಮ್ರ ಗಾಳಿ-ಮಳೆಗೆ ಹಳತಾಗಿ ಬಂದಿದ್ದು, ಆದ್ದರಿಂದ ಎಲ್ಲ ಕಡೆ ಒಂದೇ ತರ ಇರಲ್ಲ, ನೀರು ಹರಿದ ಕಡೆ ಪಟ್ಟೆ ಬಿದ್ದಿರುತ್ತೆ. ವೇಗಸ್‌ನ ಪ್ರತಿಮೆ ಹೊರಮೈ ತಾಮ್ರದ್ದಲ್ಲ. ಅದರ ಹಸಿರು ಬರೀ ಪೇಂಟು, ತುಂಬಾ ನೀಟಾಗಿದೆ.

ಆದರೆ ದೂರದ ಫೋಟೋದಲ್ಲಿ ಜಾಯಿಂಟ್ ಕಾಣಲ್ವಲ್ಲ? ಆಗ ಸ್ಕೇಲ್ ನೋಡಿ. ಕಟ್ಟಡವನ್ನ ಅರ್ಧಕ್ಕೆ ಇಳಿಸಬಹುದು, ಮನುಷ್ಯರನ್ನ ಇಳಿಸೋಕಾಗಲ್ಲ. ಅದೇ ರಸ್ತೆಯ 'ಪ್ಯಾರಿಸ್' ಹೋಟೆಲಿನ ಐಫೆಲ್ ಟವರ್ ಸುಮಾರು 165 ಮೀಟರ್, ಮೂಲ 330. ಜನ ಹತ್ತೋ ಕಡೆ ರೇಲಿಂಗ್ ಮಾತ್ರ ಎರಡರಲ್ಲೂ ಎದೆಮಟ್ಟಕ್ಕೆ ಬರಲೇಬೇಕು, ಅಂದ್ರೆ ನಕಲಿನಲ್ಲಿ ಟವರ್‌ಗೆ ಹೋಲಿಸಿದರೆ ರೇಲಿಂಗ್ ದೊಡ್ಡದಾಗಿ ಕಾಣುತ್ತೆ. ಇನ್ನೂ ಸುಲಭದ ಗುರುತು ಕಾಲುಗಳು: ಪ್ಯಾರಿಸ್‌ನಲ್ಲಿ ನಾಲ್ಕೂ ಬಯಲಲ್ಲಿ ನೆಲಕ್ಕೆ ಇಳಿದಿವೆ, ವೇಗಸ್‌ನಲ್ಲಿ ಕೆಲವು ಕಾಲುಗಳು ಕ್ಯಾಸಿನೋದ ಚಾವಣಿ ತೂರಿಕೊಂಡು ಒಳಗೆ ಹೋಗುತ್ತವೆ. (ಒಳಗೆ ಜೂಜಾಡೋರ ಪಕ್ಕದಲ್ಲೇ ಟವರ್ ಕಾಲು!)

ಸ್ಟಾಂಪಿನ ಫೋಟೋದಲ್ಲಿ ಇದ್ದಿದ್ದು ಬರೀ ತಲೆ, ಸ್ಕೇಲ್ ಹೇಳೋಕೆ ಪಕ್ಕದಲ್ಲಿ ಏನೂ ಇರಲಿಲ್ಲ. ಅದಕ್ಕೇ ಅದು ದಾಟಿಹೋಯ್ತು ಅಂತ ನನ್ನ ಊಹೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನಕಲನ್ನ ಮಾಡಿದ ಶಿಲ್ಪಿ ರಾಬರ್ಟ್ ಡೇವಿಡ್ಸನ್ ಅಂಚೆ ಇಲಾಖೆ ಮೇಲೆ ಕೇಸ್ ಹಾಕಿದರು. ನಕಲಿಗೆ ಎಂಥ ಕಾಪಿರೈಟ್ ಅನ್ನಿಸಬಹುದು. ಅವರ ವಾದ ಏನಂದ್ರೆ, ಮುಖವನ್ನ ತಾನು ಬೇಕಂತಲೇ ಬದಲಿಸಿದ್ದೀನಿ, ಹೆಚ್ಚು ಮೃದುವಾಗಿ ಮಾಡಿದ್ದೀನಿ, ಅದಕ್ಕೆ ತಮ್ಮ ಅತ್ತೆಯವರ ಮುಖವೇ ಸ್ಫೂರ್ತಿ ಅಂತ. 2018ರಲ್ಲಿ ಕೋರ್ಟ್ ಒಪ್ಪಿ, ಸುಮಾರು 35 ಲಕ್ಷ ಡಾಲರ್ ಕೊಡಿ ಅಂದಿತು. ಮುಖ ಪಕ್ಕಾ ಮೂಲದ ತರಾನೇ ಇದ್ದಿದ್ರೆ ಈ ವಾದವೇ ನಿಲ್ತಿರಲಿಲ್ಲ.