ಎರಡೂಕಾಲು ಮಿಲಿಲೀಟರಿನ ಲೆಕ್ಕ

ಕೊಟ್ಟೂರಿನ ತಾಯಿಯೊಬ್ಬರ ಪ್ರಶ್ನೆ ಇದು: ಮಗುವಿನ ಹಣೆಗೆ ಹೊಲಿಗೆ ಹಾಕುವಾಗ ಅದು ಕಿರುಚಾಡುತ್ತಿತ್ತು. ಮರಗಟ್ಟಿಸುವ ಇಂಜೆಕ್ಷನ್ ಇನ್ನೊಂದಿಷ್ಟು ಕೊಡಿ ಎಂದು ಬೇಡಿಕೊಂಡರೂ ಡಾಕ್ಟರು ಒಪ್ಪಲಿಲ್ಲ. ಯಾಕೆ?

ಆ ಡಾಕ್ಟರು ಕಲ್ಲೆದೆಯವರಲ್ಲ, ಲೆಕ್ಕ ಬಲ್ಲವರು. ಆ ಮದ್ದಿನ ಹೆಸರು ಲಿಗ್ನೋಕೇನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಇದನ್ನು ತಯಾರಿಸಿದರು. ಕೂಡ್ಲಿಗಿಯ ಆಸ್ಪತ್ರೆಯಾದರೂ ಹಡಗಲಿಯದಾದರೂ, ಸಣ್ಣ ಗಾಯಕ್ಕೆ ಹೊಲಿಗೆ ಹಾಕುವ ಮುಂಚೆ ಬಳಸುವುದು ಸಾಮಾನ್ಯವಾಗಿ ಇದನ್ನೇ.

ಬಾಟಲಿಯ ಮೇಲೆ 2% ಎಂದಿದ್ದರೆ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಮದ್ದಿದೆ ಎಂದರ್ಥ. ಅಡ್ರಿನಲಿನ್ ಬೆರೆಸದ ಮದ್ದಿಗೆ ಸಾಮಾನ್ಯ ಗರಿಷ್ಠ ಮಿತಿ ಕಿಲೋ ತೂಕಕ್ಕೆ 4.5 ಮಿಲಿಗ್ರಾಂ. ಮಗು 10 ಕಿಲೋ ಇದೆ ಎಂದುಕೊಳ್ಳಿ. ಮಿತಿ 45 ಮಿಲಿಗ್ರಾಂ, ಅಂದರೆ ಬರೀ ಎರಡೂಕಾಲು ಮಿಲಿಲೀಟರ್. ಆರು ತಿಂಗಳೊಳಗಿನ ಕೂಸಿಗೆ ಇದನ್ನೂ ಇಳಿಸುತ್ತಾರೆ, ಎಳೆಯ ಯಕೃತ್ತು ಮದ್ದನ್ನು ನಿಧಾನವಾಗಿ ಕರಗಿಸುತ್ತದೆ. ಅಡ್ರಿನಲಿನ್ ಬೆರೆತಿದ್ದರೆ ರಕ್ತನಾಳ ಕುಗ್ಗಿ ಮದ್ದು ರಕ್ತಕ್ಕೆ ಸೇರುವುದು ತಡವಾಗುತ್ತದೆ, ಆಗ ಮಿತಿ ಕಿಲೋಗೆ 7 ಮಿಲಿಗ್ರಾಂವರೆಗೆ ಏರುತ್ತದೆ. ಗಾಯ ಅಗಲವಾಗಿದ್ದರೆ? ಸಮಪ್ರಮಾಣದ ಸಲೈನ್ ಬೆರೆಸಿದರೆ ಅದೇ 45 ಮಿಲಿಗ್ರಾಂ ನಾಲ್ಕೂವರೆ ಮಿಲಿಲೀಟರಿನಲ್ಲಿ ಹರಡುತ್ತದೆ. 1% ಬಲವೂ ಹೊಲಿಗೆಗೆ ಸಾಕು.

ಇನ್ನು ಸೋಜಿಗದ ಸಂಗತಿ. ನರದ ಸೋಡಿಯಂ ಬಾಗಿಲುಗಳನ್ನು ಮುಚ್ಚಿ ನೋವಿನ ಸುದ್ದಿ ತಡೆಯುವ ಮದ್ದು ಇದು. ಮಿತಿಮೀರಿ ರಕ್ತಕ್ಕಿಳಿದರೆ ಮಿದುಳನ್ನೂ ಮರಗಟ್ಟಿಸಿ ಮಲಗಿಸಬೇಕಲ್ಲ? ಆದರೆ ಬರುವುದು ಫಿಟ್ಸ್. ಮಿದುಳಿನಲ್ಲಿ ಮೊದಲು ಮುಚ್ಚಿಹೋಗುವುದು ಅದರ ಬ್ರೇಕಿನಂಥ ನರಕೋಶಗಳು. ತಡೆ ಹೋದ ಮೇಲೆ ಉಳಿದವು ಹುಚ್ಚೆದ್ದು ಕುಣಿಯುತ್ತವೆ. ಇನ್ನೂ ಏರಿದರೆ ಹೃದಯದ ತಾಳ ತಪ್ಪುತ್ತದೆ.

ದೊಡ್ಡವರಾದರೆ ತುಟಿ ಜುಮ್ಮೆನ್ನುತ್ತಿದೆ, ಬಾಯಲ್ಲಿ ಕಬ್ಬಿಣದ ರುಚಿ, ಕಿವಿಯಲ್ಲಿ ಗುಂಯ್ ಎಂದು ಮೊದಲೇ ಹೇಳುತ್ತಾರೆ. ಎರಡು ವರ್ಷದ ಮಗು ಹೇಳೀತೇ? ರಂಪ ಮಾಡುತ್ತಿದ್ದದ್ದು ಇದ್ದಕ್ಕಿದ್ದಂತೆ ಮಂಕಾಗುವುದು, ಕೈಕಾಲು ಅದುರುವುದು, ಇವೇ ಸೂಚನೆ. ಆಗ ಕೈಗೆ ಕೀಲಿ ಕೊಡುವುದು, ಈರುಳ್ಳಿ ಮೂಸಿಸುವುದು ಶುದ್ಧ ಮೂಢತನ, ಅಮೂಲ್ಯ ನಿಮಿಷಗಳು ಹಾಳು. ಡಾಕ್ಟರು ಇಂಜೆಕ್ಷನ್ ನಿಲ್ಲಿಸಿ, ಆಮ್ಲಜನಕ ಕೊಟ್ಟು, ಫಿಟ್ಸ್ ತಡೆಯುವ ಮದ್ದು ಕೊಡುತ್ತಾರೆ. ಸ್ಥಿತಿ ಬಿಗಡಾಯಿಸಿದರೆ 20% ಕೊಬ್ಬಿನ ದ್ರಾವಣವನ್ನು ರಕ್ತನಾಳಕ್ಕೆ ಬಿಡುತ್ತಾರೆ: ಕಿಲೋಗೆ ಒಂದೂವರೆ ಮಿಲಿಲೀಟರಿನಂತೆ, ಆ 10 ಕಿಲೋ ಮಗುವಿಗೆ 15. ಹೃದಯ, ಮಿದುಳುಗಳಿಂದ ಮದ್ದನ್ನು ಸೆಳೆದೊಯ್ಯಲು ಕೊಬ್ಬು ನೆರವಾಗುತ್ತದೆ.

ಹಾಗಾದರೆ ಮಗು ಅತ್ತದ್ದೇಕೆ? ನೋವು ಹೋದರೂ ಸ್ಪರ್ಶ, ಎಳೆತ ತಿಳಿಯುತ್ತಲೇ ಇರಬಹುದು. ಮೇಲಾಗಿ ನಾಲ್ಕು ಜನ ಅಮುಕಿ ಹಿಡಿದರೆ ಯಾವ ಮಗು ಸುಮ್ಮನಿದ್ದೀತು? ಚುಚ್ಚಿದ ಮೇಲೆ ಕೆಲವು ನಿಮಿಷ ಕಾದು, ಅಮ್ಮನ ತೊಡೆಯ ಮೇಲೇ ಕೂರಿಸಿಕೊಂಡು ಹೊಲಿಗೆ ಹಾಕಿದರೆ ಬಹಳಷ್ಟು ಸಲ ಇನ್ನೊಂದು ಸಿರಿಂಜು ಬೇಕಾಗುವುದಿಲ್ಲ.