ಕಾಂಕ್ರೀಟ್ ರಸ್ತೆಗೆ ಮೆಟ್ಟಿಲು ಬರುವುದೇಕೆ?

ಕಾಂಕ್ರೀಟ್ ಹೆದ್ದಾರಿಯಲ್ಲಿ ಕಾರು ಒಂದೇ ಲಯದಲ್ಲಿ ದಡ್ ದಡ್ ಎನ್ನುತ್ತಿದ್ದರೆ, ಬಹುಪಾಲು ಜಾಯಿಂಟುಗಳಲ್ಲಿ ಮೆಟ್ಟಿಲು ಎದ್ದಿದೆ ಎಂದೇ ಲೆಕ್ಕ. ಇದರಲ್ಲೊಂದು ವಿಚಿತ್ರವಿದೆ. ಸಾಮಾನ್ಯವಾಗಿ ಈ ಮೆಟ್ಟಿಲು ವಾಹನ ಹೋಗುವ ದಿಕ್ಕಿಗೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಕಾರಣ ಅಡಿಯಲ್ಲಿದೆ. ಬಿರುಕಿನಿಂದ ಇಳಿದ ಮಳೆನೀರು ಸ್ಲ್ಯಾಬಿನ ಕೆಳಗೆ ನಿಂತಿರುತ್ತದೆ. ಲಾರಿ ಜಾಯಿಂಟಿನ ಹತ್ತಿರ ಬಂದಂತೆ ಹಿಂದಿನ ಸ್ಲ್ಯಾಬು ನಿಧಾನವಾಗಿ ಬಾಗಿ ನೀರನ್ನು ಮುಂದಿನ ಸ್ಲ್ಯಾಬಿನಡಿಗೆ ತಳ್ಳುತ್ತದೆ. ಗಾಲಿ ದಾಟಿದ ಕ್ಷಣ ಮುಂದಿನದು ಧಡಕ್ಕನೆ ಕುಗ್ಗುತ್ತದೆ. ಆಗ ನೀರು ಪಿಚಕಾರಿಯಂತೆ ಹಿಮ್ಮುಖವಾಗಿ ಚಿಮ್ಮಿ, ತನ್ನೊಡನೆ ನುಣ್ಣನೆಯ ಮಣ್ಣನ್ನೂ ಎಳೆದೊಯ್ಯುತ್ತದೆ. ಮಣ್ಣು ಹಿಂದಿನ ಸ್ಲ್ಯಾಬಿನಡಿ ಸೇರಿ ಅದನ್ನು ಎತ್ತುತ್ತದೆ. ಮುಂದಿನದರ ಕೆಳಗೆ ಪೊಳ್ಳಾಗುತ್ತದೆ. ಮಳೆಯ ನಂತರ ಜಾಯಿಂಟಿನ ಅಂಚಿನಲ್ಲಿ ಕೆಸರಿನ ಕಲೆ ಕಂಡರೆ ಒಳಗೆ ಈ ಕೆಲಸ ನಡೆದಿದೆ ಎಂದು ತಿಳಿಯಬಹುದು.

ಹಾಗಾದರೆ ಜಾಯಿಂಟೇ ಬೇಡವೆನ್ನುವಂತಿಲ್ಲ. ಕಾಂಕ್ರೀಟು ಗಟ್ಟಿಯಾಗುತ್ತಾ ಕುಗ್ಗಿ ಬಿರುಕು ಬಿಟ್ಟೇ ಬಿಡುತ್ತದೆ. ಅದು ಬೇಕಾದ ಕಡೆಯೇ ಬಿಡಲಿ ಎಂದು, ನಮ್ಮಲ್ಲಿ ಸಾಮಾನ್ಯವಾಗಿ 4.5 ಮೀಟರಿಗೊಮ್ಮೆ ದಪ್ಪದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಗರಗಸದಿಂದ ಕೊಯ್ಯುತ್ತಾರೆ.

ಈ ಅಡ್ಡ ಜಾಯಿಂಟಿನಲ್ಲಿ ಗಾಲಿಯ ಭಾರವನ್ನು ಎರಡೂ ಸ್ಲ್ಯಾಬುಗಳಿಗೆ ಹಂಚುವುದು ಡೋವೆಲ್ ಬಾರ್. ಸುಮಾರು ಅರ್ಧ ಮೀಟರ್ ಉದ್ದ, 32ರಿಂದ 38 ಮಿಲಿಮೀಟರ್ ದಪ್ಪದ ಈ ನುಣುಪು ಉಕ್ಕಿನ ಸರಳು ಸ್ಲ್ಯಾಬಿನ ನಡುದಪ್ಪದಲ್ಲಿ ಕೂರುತ್ತದೆ. ಬಿಸಿಲು-ಚಳಿಗೆ ಸ್ಲ್ಯಾಬು ಹಿಗ್ಗಿ ಕುಗ್ಗುವಾಗ ಜಾರಬೇಕಾದ್ದರಿಂದ ಒಂದು ಬದಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುತ್ತಾರೆ. ಸರಳುಗಳು ಸೊಟ್ಟಗೆ ಕೂತರೆ ಜಾಯಿಂಟು ಬಿಗಿದುಕೊಂಡು, ಕೊಯ್ದಲ್ಲಿ ಬಿಡುವ ಬದಲು ಪಕ್ಕದಲ್ಲೇ ಬಿರುಕು ಬರುತ್ತದೆ.

ಟೈ ಬಾರ್ ಇದಕ್ಕೆ ತದ್ವಿರುದ್ಧ. ಅದು ಎರಡು ಲೇನ್‌ಗಳ ನಡುವಿನ ಉದ್ದ ಜಾಯಿಂಟಿನಲ್ಲಿರುತ್ತದೆ. 12 ಅಥವಾ 16 ಮಿಲಿಮೀಟರಿನ, ಮೈಮೇಲೆ ಗೀರುಗಳಿರುವ ಕಂಬಿ. ಜಾರದಂತೆ ಕಚ್ಚಿ ಹಿಡಿದು, ಲೇನ್‌ಗಳು ದೂರ ಸರಿಯದಂತೆ ಕಾಯುವುದಷ್ಟೇ ಅದರ ಕೆಲಸ.

ಇನ್ನು ಮೇಲಿನ ಸೀಲು. ಸಿಲಿಕೋನ್ ಅಥವಾ ಪಾಲಿಸಲ್ಫೈಡ್ ಸುರಿಯುವ ಮುನ್ನ ಸೀಳಿನೊಳಗೆ ಫೋಮಿನ ಹುರಿ ತೂರಿಸುತ್ತಾರೆ. ಸೀಲು ಎರಡು ಗೋಡೆಗಳಿಗೆ ಮಾತ್ರ ಅಂಟಬೇಕು. ತಳಕ್ಕೂ ಅಂಟಿದರೆ ಜಾಯಿಂಟು ಬಿಚ್ಚಿಕೊಂಡಾಗ ಹರಿಯುತ್ತದೆ. ಸೀಳಿನಲ್ಲಿ ದೂಳು ಉಳಿದಿದ್ದರಂತೂ ಅಂಟುವುದೇ ಇಲ್ಲ. ಆದರೆ ಎಷ್ಟೇ ಚೆನ್ನಾಗಿ ಹಾಕಿದರೂ ಸೀಲು ಹಳತಾಗುತ್ತದೆ. ಅದೊಂದನ್ನೇ ನಂಬಿ ಡೋವೆಲ್ ಬಿಡುವುದು ದುಬಾರಿ ಉಳಿತಾಯ.

ಅಮೆರಿಕದ ವಾಷಿಂಗ್ಟನ್ ರಾಜ್ಯ ಇದನ್ನು ಅನುಭವಿಸಿಯೇ ಕಲಿತಿತು. ಅಲ್ಲಿನ ಹಳೆಯ ಹೆದ್ದಾರಿಗಳಲ್ಲಿ ಡೋವೆಲ್ ಇರಲಿಲ್ಲ. ಬಿರುಕಿನೊಳಗಿನ ಜಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಭಾರ ಹೊರುತ್ತದೆಂಬ ನಂಬಿಕೆ. ಲಾರಿಗಳ ಓಡಾಟಕ್ಕೆ ಆ ಹಿಡಿತ ಸವೆದು ಮೆಟ್ಟಿಲುಗಳು ಎದ್ದವು. 1992ರಲ್ಲಿ ಇಂಟರ್‌ಸ್ಟೇಟ್ 90ರಲ್ಲಿ ಪ್ರಯೋಗ ನಡೆಯಿತು: ಗಾಲಿ ಓಡುವ ಜಾಡಿನಲ್ಲಿ ಜಾಯಿಂಟಿಗೆ ಅಡ್ಡಲಾಗಿ ಗಾಡಿ ಕೊಯ್ದು, ಡೋವೆಲ್ ಇಟ್ಟು, ಗಾರೆ ತುಂಬಿದರು. ಆಮೇಲೆ ಇದೇ ಅಲ್ಲಿನ ರೂಢಿಯ ದುರಸ್ತಿಯಾಯಿತು. ಡೋವೆಲ್ ಕೂರಿಸಿದ ಮೇಲೆ ವಜ್ರದ ಅಲಗುಗಳಿಂದ ಮೇಲ್ಮೈ ಉಜ್ಜಿ ಮೆಟ್ಟಿಲು ಸವರುತ್ತಾರೆ. ಬರೀ ಉಜ್ಜಿದರೆ ಮೆಟ್ಟಿಲು ಮತ್ತೆ ಬರುತ್ತದೆ. ಆದರೆ ಒಡೆದು ಚೂರಾದ ಸ್ಲ್ಯಾಬಿಗೆ ಈ ಚಿಕಿತ್ಸೆ ನಾಟುವುದಿಲ್ಲ. ಅದನ್ನು ಕಿತ್ತು ಹೊಸದನ್ನೇ ಹಾಕಬೇಕು.