ಬಟನ್ ಒತ್ತಿದ ಮೇಲೆ ಏನಾಗಬೇಕು?

ಫಿಗ್ಮಾದಲ್ಲಿ ಮಾಡಿದ ಮಾದರಿ ಆ್ಯಪ್‌ನಲ್ಲಿ ಒಟಿಪಿ ಪುಟ ಸಲೀಸಾಗಿ ದಾಟುತ್ತದೆ. ಏನೂ ತುಂಬದೆ ‘ಮುಂದುವರಿಸಿ’ ಒತ್ತಿದರೂ ಸಾಕು. ಕೋಡ್ ಬರೆಯುವವರಿಗೆ ಬೇಕಿರುವುದು ಅಲ್ಲಿ ಕಾಣದ ಸಂಗತಿಗಳು. ಅವನ್ನು ಹೀಗೆ ಬರೆದುಕೊಡಬೇಕು: 6 ಅಂಕಿ ತುಂಬುವವರೆಗೆ ಬಟನ್ ಮಸುಕಾಗಿರುತ್ತದೆ, ಒತ್ತಿದರೂ ಕೆಲಸ ಮಾಡುವುದಿಲ್ಲ. ಅಂಕಿ ತಪ್ಪಾದರೆ ಕೆಳಗೆ ‘ಒಟಿಪಿ ಸರಿಯಿಲ್ಲ, ಮತ್ತೆ ನಮೂದಿಸಿ’ ಎಂದು ಕೆಂಪಕ್ಷರದಲ್ಲಿ ಬರುತ್ತದೆ. ಮೂರನೇ ತಪ್ಪಿಗೆ ಆ ಒಟಿಪಿ ರದ್ದು. ‘ಮತ್ತೆ ಕಳುಹಿಸಿ’ ತೆರೆದುಕೊಳ್ಳುವುದು 30 ಸೆಕೆಂಡಿನ ನಂತರ. ನೆಟ್‌ವರ್ಕ್ ಹೋದರೆ ತುಂಬಿದ ಅಂಕಿ ಅಳಿಸಿಹೋಗಬಾರದು; ಸುಲಭವಾಗಿ ಮರೆತುಹೋಗುವುದು ಇದೇ. ‘ಸೂಕ್ತ ಸಂದೇಶ ತೋರಿಸಿ’ ಎಂದಷ್ಟೇ ಬರೆದರೆ ಒಬ್ಬೊಬ್ಬರು ಒಂದೊಂದು ಹಾಕುತ್ತಾರೆ.

ಬರೆದದ್ದನ್ನು ಮೊದಲು ಟೆಸ್ಟರ್ ಕೈಗೆ ಕೊಡಿ. ಮಾದರಿ ನೋಡದೆ, ಅದರಿಂದಲೇ ಅವರು ಪರೀಕ್ಷೆಯ ಪಟ್ಟಿ ಮಾಡಲಿ. ಎಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಅಲ್ಲಿ ಉತ್ತರದ ಸಾಲು ಸೇರಿಸಿ, ಆಮೇಲೆ ಡೆವಲಪರ್‌ಗೆ ಕಳುಹಿಸಿ.